ಬಾಂಬಿನೊಳಗೆ ಒಂದು ಮಿಲಿ ನೀರು

“ಅಕ್ಕಾರ, ನಿಮ್ಮ ಕೈ ಮುಟ್ಟದಿದ್ರೂ ಬಾಂಬ್ ಹೊಡೀತದ ಅಂತ ಇವತ್ತು ಗೊತ್ತಾಯ್ತು ನೋಡ್ರಿ,” ಎಂದ ಲ್ಯಾಬಿನ ಸಹಾಯಕ ದುರ್ಗೇಶ, ಚಹಾದ ಲೋಟವನ್ನು ಮೇಜಿನ ಮೇಲಿಡುತ್ತ.

ನೂರ್‌ಜಹಾನ್ ತಲೆ ಎತ್ತಲಿಲ್ಲ. “ಹೊಡೀತಾ? ಬೆಳಿಗ್ಗೆ ಠುಸ್ ಅಂದಿತ್ತಲ್ಲ.”

“ಅದು ತಂತಿ ಬಟ್ಟಲಿಗೆ ತಾಗಿತ್ತಂತ್ರಿ. ಈಗ ಎರಡು ಸಲ ಹೊಡೀತು. ಹುಡುಗಿ ಭಾಳ ಚುರುಕ ಅದ. ನಮ್ಮ ಲಿಂಗಸುಗೂರಿನಾಕಿ ಅಂದ್ರ ಸುಮ್ನೇನು?”

“ಹೌದಪ್ಪಾ, ನಿಮ್ಮೂರಲ್ಲಿ ಹುಟ್ಟೋದೇ ಬಾಂಬ್ ಹಿಡ್ಕೊಂಡು,” ಎಂದಳು ನೂರ್‌ಜಹಾನ್. ದುರ್ಗೇಶ ನಕ್ಕ. ಅವಳು ನಗಲಿಲ್ಲ. ಚಹಾ ಮುಟ್ಟಿ ನೋಡಿದಳು, ಬೆಚ್ಚಗಿತ್ತು ಅಷ್ಟೇ. ಹತ್ತೊಂಬತ್ತು ವರ್ಷ ಮೊದಲ ಲೋಟ ತನಗೇ ಬರುತ್ತಿತ್ತು, ಸುಡುಸುಡುವಾಗಿ. ಈಗ ಮೊದಲು ಆ ಹೊಸ ಹುಡುಗಿ ರಾಜೇಶ್ವರಿಯ ಮೇಜು, ಆಮೇಲೆ ಇವಳದ್ದು. ಅದೇನು ದೊಡ್ಡ ವಿಷಯವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡದ್ದು ಈ ವಾರ ಎಷ್ಟನೆಯ ಸಲವೋ.

ಕೆ.ಆರ್. ಪುರದ ಕೈಗಾರಿಕಾ ಬೀದಿಯೊಂದರಲ್ಲಿ, ಮೂರನೇ ಮಹಡಿಯಲ್ಲಿ ಆ ಇಂಧನ ಪರೀಕ್ಷೆಯ ಲ್ಯಾಬ್. ಬಾಯ್ಲರ್ ಇಟ್ಟುಕೊಂಡವರು ಕಲ್ಲಿದ್ದಲು, ಕಡಲೆಸಿಪ್ಪೆ, ಮರದ ಹೊಟ್ಟಿನ ಇಟ್ಟಿಗೆ ತಂದುಕೊಡುತ್ತಾರೆ. ಇದನ್ನು ಸುಟ್ಟರೆ ಎಷ್ಟು ಶಾಖ ಬರುತ್ತದೆ ಎಂದು ಹೇಳಿ ಕಾಗದ ಕೊಡುವುದು ಲ್ಯಾಬಿನ ಕೆಲಸ. ಸುಡುವುದು ಬಾಂಬಿನಲ್ಲಿ. ಬಾಂಬ್ ಎಂದರೆ ಹೆದರುವಂಥದ್ದೇನಲ್ಲ. ಅರ್ಧ ಅಡಿ ಎತ್ತರದ, ದಪ್ಪ ಗೋಡೆಯ ಸ್ಟೀಲ್ ಡಬ್ಬಿ. ಒಳಗೆ ಚಿಕ್ಕ ಬಟ್ಟಲಲ್ಲಿ ಗುಳಿಗೆ ಮಾಡಿದ ಇಂಧನ, ಅದಕ್ಕೆ ತಾಗುವಂತೆ ಕೂದಲಿನಂಥ ತಂತಿ. ತಳಕ್ಕೆ ಒಂದು ಮಿಲಿ ನೀರು ಬಿಟ್ಟು, ಮುಚ್ಚಳ ಬಿಗಿದು, ಹೊರಗಿನ ಗಾಳಿಯ ಮೂವತ್ತು ಪಟ್ಟು ಒತ್ತಡದಲ್ಲಿ ಆಮ್ಲಜನಕ ತುಂಬಿ, ಡಬ್ಬಿಯನ್ನು ಎರಡು ಲೀಟರ್ ನೀರಿನ ಪಾತ್ರೆಯೊಳಗೆ ಇಳಿಸುತ್ತಾರೆ. ಗುಂಡಿ ಒತ್ತಿದರೆ ತಂತಿ ಕೆಂಪಗಾಗಿ ಇಂಧನ ಒಂದೇ ಉಸಿರಿಗೆ ಉರಿದುಹೋಗುತ್ತದೆ. ಸದ್ದೂ ಇಲ್ಲ, ಹೊಗೆಯೂ ಇಲ್ಲ. ಹೊರಗಿನ ನೀರು ಎರಡು ಎರಡೂವರೆ ಡಿಗ್ರಿ ಬಿಸಿಯಾಗುತ್ತದೆ, ಅಷ್ಟೇ. ಆ ಎರಡೂವರೆ ಡಿಗ್ರಿಯಲ್ಲೇ ನೂರ್‌ಜಹಾನಳ ಹತ್ತೊಂಬತ್ತು ವರ್ಷ ಕಳೆದಿತ್ತು.

ಅವಳು ಓದಿದ್ದು ಪಿಯುಸಿ. ಶಿವಾಜಿನಗರದಿಂದ ಬಸ್ಸು ಹತ್ತಿ ಬಾಟಲಿ ತೊಳೆಯುವ ಕೆಲಸಕ್ಕೆ ಬಂದವಳು. ಆಗ ಬಾಂಬಿನ ಕೋಣೆ ನೋಡಿಕೊಳ್ಳುತ್ತಿದ್ದ ಸನಾವುಲ್ಲಾ ಸಾಹೇಬರು ಅವಳ ಕೈ ನೋಡಿ ಅಲ್ಲಿಗೆ ಕರೆದುಕೊಂಡರು. “ಕೈ ನಡುಗದವರು ಸಿಗೋದಿಲ್ಲ ಬೇಟಿ, ಡಿಗ್ರಿಯವರು ಸಿಗ್ತಾರೆ,” ಎಂದಿದ್ದರು. ಸಾಹೇಬರು ಈಗ ಇಲ್ಲ. ಅವರ ಹಳೆಯ ನೋಟ್‌ಪುಸ್ತಕ ಅವಳ ಡ್ರಾಯರಿನಲ್ಲಿದೆ.

ರಾಜೇಶ್ವರಿ ಬಂದು ನಾಲ್ಕು ತಿಂಗಳು. ಎಂ.ಎಸ್ಸಿ., ಇಪ್ಪತ್ತೈದರ ಹುಡುಗಿ, ಕೆ.ಆರ್. ಪುರದಲ್ಲೇ ಬಾಡಿಗೆ ರೂಮು. ಬಂದ ವಾರಕ್ಕೇ ಮುಖ್ಯಸ್ಥೆ ಶಾಂತಕುಮಾರಿ ಮೇಡಮ್ ಅವಳನ್ನು ‘ರಾಜಿ’ ಎಂದು ಕರೆಯತೊಡಗಿದರು. ನೂರ್‌ಜಹಾನ್ ‘ನೂರ್’ ಆಗಲು ಆರು ವರ್ಷ ಹಿಡಿದಿತ್ತು. ಒಂದು ಬೆಳಿಗ್ಗೆ ಬಾಂಬಿನ ಕೋಣೆಯ ಸ್ಟೂಲನ್ನು ಯಾರೋ ತಿರುಗಿಸಿ ಎತ್ತರ ತಗ್ಗಿಸಿದ್ದರು. ನೂರ್‌ಜಹಾನ್ ಕೂತಾಗ ಮೊಣಕೈ ಮೇಜಿನ ಅಂಚಿಗೆ ಬಡಿಯಿತು. ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಅಷ್ಟು ಕುಳ್ಳಗಿದ್ದವಳು ಲ್ಯಾಬಿನಲ್ಲಿ ಒಬ್ಬಳೇ.

ಸೋಮವಾರ ಮೇಡಮ್ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. “ನೋಡಿ, ಇಂದಿರಾನಗರದ ಒಂದು ರಿಸರ್ಚ್ ಕಂಪನಿ. ಇವರಿಗೆ ಬಾಯ್ಲರ್ ಲೆಕ್ಕ ಬೇಡ. ಶುದ್ಧ ವಸ್ತುಗಳ ದಹನದ ಎಂಥಾಲ್ಪಿ ಬೇಕು, ಒಂದು ಮೋಲಿಗೆ, ಇಪ್ಪತ್ತೈದು ಡಿಗ್ರಿಯಲ್ಲಿ. ಮೊದಲು ನಮ್ಮನ್ನ ಟೆಸ್ಟ್ ಮಾಡ್ತಿದಾರೆ, ಒಂದು ಬಾಟಲ್ ಕಳಿಸಿದಾರೆ. ಉತ್ತರ ಅವರಿಗೆ ಗೊತ್ತು. ನೀವಿಬ್ಬರೂ ಬೇರೆಬೇರೆ ಮಾಡಿ. ಗುರುವಾರ ಸಂಜೆ ಎರಡೂ ಶೀಟ್ ನೋಡಿ, ಈ ಕೆಲಸಕ್ಕೆ ಸಹಿ ಮಾಡೋರು ಯಾರು ಅಂತ ಡಿಸೈಡ್ ಮಾಡ್ತೀನಿ. ಒಬ್ಬರೇ. ಇಬ್ಬರ ಹೆಸರು ಹಾಕೋಕಾಗಲ್ಲ.”

ಸಹಿ. ಹತ್ತೊಂಬತ್ತು ವರ್ಷದಲ್ಲಿ ಒಂದು ವರದಿಯ ಮೇಲೂ ನೂರ್‌ಜಹಾನಳ ಸಹಿ ಬಿದ್ದಿರಲಿಲ್ಲ. ಸುಟ್ಟವಳು ಅವಳು, ಸಹಿ ಯಾವಾಗಲೂ ಡಿಗ್ರಿ ಇದ್ದವರದು. ಈ ಸಲ ಮೇಡಮ್ ಡಿಗ್ರಿಯ ಮಾತೆತ್ತದೆ ಶೀಟಿನ ಮಾತಾಡಿದ್ದರು. ಆ ರಾತ್ರಿ ಅವಳು ಅಡುಗೆ ಮಾಡುತ್ತ ಎರಡು ಸಲ ಉಪ್ಪು ಹಾಕಿದಳು.

ಬಾಟಲಿ ಬಿಚ್ಚಿದಾಗ ಕೋಣೆ ತುಂಬ ಅಮ್ಮಿಯ ಟ್ರಂಕಿನ ವಾಸನೆ ಬಂತು. ಬಟ್ಟೆಗಳ ನಡುವೆ ಇಡುವ ಬಿಳಿ ನುಸಿಗುಳಿಗೆಯದೇ ವಾಸನೆ, ನ್ಯಾಫ್ತಲೀನ್. ಬಾಟಲಿಯ ಮೇಲೂ ಸೂತ್ರ ಬರೆದಿತ್ತು, ಹತ್ತು ಇಂಗಾಲ, ಎಂಟು ಜಲಜನಕ. ಈ ವಸ್ತು ಇಟ್ಟಲ್ಲೇ ಗಾಳಿಯಲ್ಲಿ ಕರಗಿ ಹೋಗುವಂಥದ್ದು. ತೂಕ ಮಾಡಿ ಬಾಂಬಿನೊಳಗೆ ಇಡುವಷ್ಟರಲ್ಲಿ ಮೈಮರೆತರೆ ತೂಕವೇ ಸುಳ್ಳಾಗುತ್ತದೆ. ನೂರ್‌ಜಹಾನ್ ಮಂಗಳವಾರ ಮೂರು ಸಲ ಸುಟ್ಟಳು. ಕೈ ಎಲ್ಲೂ ತಡೆಯಲಿಲ್ಲ. ಮೊದಲನೆಯದರಲ್ಲಿ ಗುಳಿಗೆಯ ತೂಕ 0.6050 ಗ್ರಾಂ, ನೀರು ಏರಿದ್ದು 2.420 ಡಿಗ್ರಿ. ಪಾತ್ರೆ, ನೀರು, ಬಾಂಬ್ ಎಲ್ಲ ಸೇರಿ ಒಂದು ಡಿಗ್ರಿ ಏರಲು 10.08 ಕಿಲೋಜೌಲ್ ಬೇಕೆಂದು ಅವಳು ಮೊದಲೇ ಬೆಂಜೋಯಿಕ್ ಆಮ್ಲ ಸುಟ್ಟು ಗೊತ್ತುಮಾಡಿಕೊಂಡಿದ್ದಳು. ಗುಣಿಸಿದಳು. ಬಂದ ಶಾಖದಿಂದ ತಂತಿ ಉರಿದದ್ದಕ್ಕೆ ಒಂದಿಷ್ಟು, ಒಳಗಿದ್ದ ಗಾಳಿಯ ಸಾರಜನಕ ಸುಟ್ಟು ಆಮ್ಲವಾದದ್ದಕ್ಕೆ ಒಂದಿಷ್ಟು ಕಳೆದಳು. ಉಳಿದದ್ದನ್ನು ತೂಕದಿಂದ ಭಾಗಿಸಿದರೆ ಗ್ರಾಂಗೆ 40.19 ಕಿಲೋಜೌಲ್. ಎರಡನೆಯದು 40.18, ಮೂರನೆಯದು 40.20. ಮೂರೂ ಅಕ್ಕಪಕ್ಕ ಕೂತ ಅಕ್ಕತಂಗಿಯರ ಹಾಗೆ. ಅವಳಿಗೆ ಆ ಮೂರು ಅಂಕಿಗಳನ್ನು ಯಾರಿಗಾದರೂ ತೋರಿಸಬೇಕೆನಿಸಿತು. ತೋರಿಸಲು ಸನಾವುಲ್ಲಾ ಸಾಹೇಬರು ಇರಲಿಲ್ಲ.

ಬುಧವಾರ ರಾಜೇಶ್ವರಿಯ ಸರದಿ. ಒಂದು ಗುಳಿಗೆ ಹೊತ್ತಿಕೊಳ್ಳಲೇ ಇಲ್ಲ, ಉಳಿದೆರಡರ ನಡುವೆ ಒಳ್ಳೆಯ ಅಂತರ. ದುರ್ಗೇಶ ಚಹಾ ತಂದು ಹೊಗಳಿದ್ದು ಆಗಲೇ. ಅವನು ಹೋದ ಮೇಲೆ ನೂರ್‌ಜಹಾನ್ ಎದ್ದು ಹೋಗಿ ಯಾರೂ ಇಲ್ಲದ ಹೊತ್ತಿನಲ್ಲಿ ಆ ಅಂತರವನ್ನು ನೋಡಿಕೊಂಡು ಬಂದಳು. ಆರಿದ ಚಹಾ ಆಮೇಲೆ ಚೆನ್ನಾಗಿಯೇ ಇತ್ತು.

ಗುರುವಾರ ಬೆಳಿಗ್ಗೆ ಇಬ್ಬರೂ ಲೆಕ್ಕಕ್ಕೆ ಕೂತರು. ಆ ಲ್ಯಾಬಿನ ಶೀಟಿಗೆ ಕೆಲವು ಕಟ್ಟುಪಾಡುಗಳಿವೆ. ಹಾಳೆಗಳಿಗೆ ಕ್ರಮಸಂಖ್ಯೆ ಇದೆ, ಹರಿಯುವಂತಿಲ್ಲ. ಪೆನ್ಸಿಲ್ ಇಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪಾದರೆ ಕೆಳಗಿನ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ ಗಂಟೆ ಹಾಕಬೇಕು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡಿ ‘ಪರಿಶೀಲಿಸಿದೆ’ ಎಂದು ಸಹಿ ಮಾಡಿ, ಅದಕ್ಕೂ ಗಂಟೆ ಹಾಕಬೇಕು.

ಒಂದು ಗ್ರಾಂನಿಂದ ಒಂದು ಮೋಲಿಗೆ ಹೋಗುವುದು ಸುಲಭ. ನೂರ್‌ಜಹಾನ್ 40.19ನ್ನು ನ್ಯಾಫ್ತಲೀನಿನ ಒಂದು ಮೋಲಿನ ತೂಕ 128.17ರಿಂದ ಗುಣಿಸಿದಳು. 5151 ಕಿಲೋಜೌಲ್. ಹೊರಗೆ ಬಂದ ಶಕ್ತಿ, ಆದ್ದರಿಂದ ಮುಂದೆ ಮೈನಸ್. ಇದು ಆಂತರಿಕ ಶಕ್ತಿಯ ಬದಲಾವಣೆ. ಅವಳ ಕಲ್ಲಿದ್ದಲಿನ ಕೆಲಸವೆಲ್ಲ ಇಲ್ಲಿಗೇ ನಿಲ್ಲುತ್ತಿತ್ತು. ಇದರಾಚೆಯ, ಎಂಥಾಲ್ಪಿಯ ಮೆಟ್ಟಿಲನ್ನು ಅವಳು ಹತ್ತಿರಲಿಲ್ಲ. ಸಾಹೇಬರ ನೋಟ್‌ಪುಸ್ತಕ ತೆಗೆದಳು. ಅವರ ಅಕ್ಷರದಲ್ಲಿ ಇತ್ತು: ‘ಬಾಂಬ್ ಮುಚ್ಚಿದ ಡಬ್ಬ. ಗಾಳಿಗೆ ಉಬ್ಬಲು ಕುಗ್ಗಲು ಜಾಗವಿಲ್ಲ. ಬಯಲಲ್ಲಿ ಸುಟ್ಟರೆ ಅನಿಲ ಉಬ್ಬುತ್ತದೆ ಅಥವಾ ಕುಗ್ಗುತ್ತದೆ. ಆ ವ್ಯತ್ಯಾಸ ಸೇರಿಸು. ಅನಿಲಗಳ ಮೋಲ್ ಎಣಿಸು, ಬಂದದ್ದರಲ್ಲಿ ಹೋದದ್ದು ಕಳೆ. ಅನಿಲ ಸ್ಥಿರಾಂಕ R ನಿಂದ ಗುಣಿಸು, ತಾಪಮಾನ T ಯಿಂದ ಗುಣಿಸು. T ಅಂದರೆ ಏರಿದ ಡಿಗ್ರಿ ಅಲ್ಲ, 298 ಕೆಲ್ವಿನ್!’

ಎಣಿಸಿದಳು. ಸುಡಲು ಹೋದದ್ದು ಹನ್ನೆರಡು ಮೋಲ್ ಆಮ್ಲಜನಕ. ಬಂದದ್ದು ಹತ್ತು ಮೋಲ್ ಇಂಗಾಲದ ಡೈಆಕ್ಸೈಡ್, ನಾಲ್ಕು ಮೋಲ್ ನೀರಿನ ಹಬೆ. ಹದಿನಾಲ್ಕರಲ್ಲಿ ಹನ್ನೆರಡು ಹೋದರೆ ಎರಡು. ಪ್ಲಸ್ ಎರಡು. ಅದು ಸುಮಾರು ಐದು ಕಿಲೋಜೌಲ್. ಮೈನಸ್ 5151ಕ್ಕೆ ಪ್ಲಸ್ ಐದು ಸೇರಿಸಿ ಮೈನಸ್ 5146 ಎಂದು ಬರೆದಳು. ಗಂಟೆ ಹತ್ತೂಕಾಲು.

ಹನ್ನೊಂದೂವರೆಗೆ ರಾಜೇಶ್ವರಿ ತನ್ನ ಶೀಟು ಹಿಡಿದು ಬಂದಳು. “ಅಕ್ಕಾರ, ಒಂದ್ ಸಲ ನೋಡ್ರಿ. ನನ್ನ ರೀಡಿಂಗ್ ಚಂದ ಬಂದಿಲ್ಲ, ಗೊತ್ತದ. ಲೆಕ್ಕನಾರ ಸರಿ ಅದ ಇಲ್ಲ ಹೇಳ್ರಿ.”

ನೂರ್‌ಜಹಾನ್ ಕನ್ನಡಕ ಏರಿಸಿದಳು. ಬೆರಳು ಸಾಲು ಸಾಲಾಗಿ ಇಳಿಯಿತು. ತಂತಿ ಸರಿ, ಆಮ್ಲ ಸರಿ, ಗುಣಾಕಾರ ಸರಿ. ಅನಿಲದ ಸಾಲಿಗೆ ಬಂದಾಗ ಬೆರಳು ನಿಂತಿತು. ಹತ್ತರಲ್ಲಿ ಹನ್ನೆರಡು ಹೋದರೆ ಮೈನಸ್ ಎರಡು. ನಾಲ್ಕು ಮೋಲ್ ನೀರನ್ನು ಈ ಹುಡುಗಿ ಎಣಿಸಿಯೇ ಇರಲಿಲ್ಲ!

ಎದೆಯೊಳಗೆ ಏನೋ ಸಿಹಿಯಾಗಿ ಕರಗಿತು. ಎಂ.ಎಸ್ಸಿ. ಅಂತೆ. ನೀರನ್ನು ಎಣಿಸಲು ಮರೆಯುವುದೆಂದರೆ? ಹಬೆ ಅನಿಲ ಅಲ್ಲವೇ? ಬಾಯ್ಲರಿನ ಚಿಮಣಿಯಲ್ಲಿ ಹೋಗುವುದು ಏನು, ಕಲ್ಲೇ? ಒಂದು ಮಾತು ಹೇಳಿದರೆ ಸಾಕು, ಹುಡುಗಿ ‘ಅಯ್ಯ ಹೌದಲ್ರೀ’ ಎಂದು ತಿದ್ದಿಕೊಳ್ಳುತ್ತಾಳೆ. ತಿದ್ದಿಕೊಂಡರೆ ಇಬ್ಬರದೂ ಸರಿ. ಇಬ್ಬರದೂ ಸರಿಯಾದರೆ ಸಹಿ ಎಂ.ಎಸ್ಸಿ.ಗೆ.

“ಹೆಂಗದ ಅಕ್ಕಾರ?”

“ಸರಿಯಾಗಿದೆ,” ಎಂದಳು ನೂರ್‌ಜಹಾನ್. ಧ್ವನಿ ಎಂದಿನಂತೆಯೇ ಇತ್ತು. ಪೆನ್ನು ತೆಗೆದು ‘ಪರಿಶೀಲಿಸಿದೆ’ ಎಂಬುದರ ಮುಂದೆ ಸಹಿ ಮಾಡಿ 11.40 ಎಂದು ಬರೆದಳು.

“ಜೀವ ಬಂತ್ ನೋಡ್ರಿ!” ಎಂದು ರಾಜೇಶ್ವರಿ ಅವಳ ಭುಜ ಹಿಡಿದು ಒಮ್ಮೆ ಅದುಮಿ ಹೋದಳು. ಆ ಭುಜ ಊಟದ ಹೊತ್ತಿನವರೆಗೂ ಅಲ್ಲೇ ಒಂದು ಕೈ ಇದ್ದಂತೆ ಭಾರವಾಗಿತ್ತು. ಆದರೂ ಊಟ ರುಚಿಸಿತು. ರಾಜೇಶ್ವರಿ ತಂದಿದ್ದ ಶೇಂಗಾ ಚಟ್ನಿಯನ್ನು ದುರ್ಗೇಶ ಹೊಗಳುತ್ತಿದ್ದಾಗ ನೂರ್‌ಜಹಾನ್ ಕೂಡ ಒಂದು ಚಮಚ ಹಾಕಿಸಿಕೊಂಡಳು.

ಮಧ್ಯಾಹ್ನ ಮೂರಕ್ಕೆ ರಾಜೇಶ್ವರಿ ಇವಳ ಶೀಟು ಪರಿಶೀಲಿಸಲು ಕೂತಳು. ಮೊದಲು ಹೊಗಳಿದಳು.

“ಏನ್ರೀ ಅಕ್ಕಾರ ಇದು! ನಲವತ್ತು ಹತ್ತೊಂಬತ್ತು, ಹದಿನೆಂಟು, ಇಪ್ಪತ್ತು. ನಿಮ್ಮ ಕೈಯಾಗ ಏನ್ ಅದರೀ? ನನ್ಗ ಈ ಜನ್ಮದಾಗ ಬರಂಗಿಲ್ಲ ಬಿಡ್ರಿ.”

“ಹತ್ತೊಂಬತ್ತು ವರ್ಷ ಮಾಡು, ಬರುತ್ತೆ.”

ರಾಜೇಶ್ವರಿ ನಕ್ಕು ಕೆಳಗಿನ ಸಾಲಿಗೆ ಹೋದಳು. ನಗು ನಿಧಾನಕ್ಕೆ ಇಳಿಯಿತು. ಪೆನ್ನಿನ ಹಿಂಬದಿಯಿಂದ ಗಲ್ಲ ಕೆರೆದುಕೊಂಡಳು.

“ಅಕ್ಕಾರ, ಇಲ್ಲಿ ನೀರನ್ನ ಹಬಿ ಅಂತ ತಗೊಂಡೀರಿ.”

“ಇನ್ನೇನು ಅಂತ ತಗೊಳ್ಳಲಿ? ಉರಿಯಲ್ಲಿ ಬಂದ ನೀರು ಹಬೆನೇ. ಬಾಯ್ಲರ್ ನೋಡಿಲ್ವಾ ನೀನು?”

“ಬಾಯ್ಲರಿನಾಗ ಖರೇ. ಆದ್ರ ಬಾಂಬ್ ಬಿಚ್ಚಿದಾಗ ಒಳಗ ಏನಿರ್ತದ ಹೇಳ್ರಿ? ದಿನಾ ಬಿಚ್ಚೋರು ನೀವ.”

“ಏನಿರುತ್ತೆ? ನೀರಿರುತ್ತೆ, ತಳದಲ್ಲಿ. ಗೋಡೆ ಮೇಲೆ ಹನಿ.” ನೂರ್‌ಜಹಾನ್ ಕೈ ಬೀಸಿದಳು. “ಅದು ನಾವೇ ಹಾಕಿದ್ದು ಕಣಮ್ಮಾ. ಒಂದು ಮಿಲಿ. ಆಸಿಡ್ ಹಿಡಿಯೋಕೆ ಹಾಕ್ತೀವಲ್ಲ.”

“ಆಸಿಡ್ ಹಿಡಿಯೋಕೂ ಹೌದ್ರಿ. ಅದಕ್ಕಿಂತ ಹೆಚ್ಚಿಗಿ ಇನ್ನೊಂದಕ್ಕ.” ರಾಜೇಶ್ವರಿ ಮೇಜಿನ ಮೇಲಿದ್ದ ಖಾಲಿ ಬಾಂಬನ್ನು ಹತ್ತಿರ ಎಳೆದುಕೊಂಡಳು. “ಆ ಒಂದು ಮಿಲಿ ಮೊದಲ ಒಳಗಿದ್ರ, ಅದರ ಹಬಿ ಎದ್ದು ಡಬ್ಬಿ ಒಳಗ ತುಂಬಿರ್ತದ. ಎಷ್ಟು ಹಿಡಿಸ್ತದೋ ಅಷ್ಟೂ ತುಂಬಿಬಿಟ್ಟಿರ್ತದ. ಆಮ್ಯಾಲೆ ಉರಿದು ಹೊಸಾ ನೀರು ಬಂದ್ರ ಅದಕ್ಕ ಹಬಿಯಾಗಿ ನಿಲ್ಲಾಕ ಜಾಗನ ಇಲ್ಲ. ಎಲ್ಲಾ ನೀರಾಗೇ ಇಳೀಬೇಕು. ಹಂಗ ಆಗಲಿ ಅಂತಾನೇ ಹಾಕೋದ್ರಿ. ಅದಕ್ಕ ಅನಿಲ ಎಣಿಸುವಾಗ ಆ ನಾಲ್ಕನ್ನ ಬಿಡಬೇಕು.”

“ಯಾರು ಹೇಳಿದ್ದು?”

“ನೀವ ಹೇಳ್ರಿ. ಹಬಿ ಅಂತ ತಗೊಂಡ್ರ ಆ ನಾಲ್ಕು ಮೋಲ್ ನೀರನ್ನ ಹಬಿ ಮಾಡಾಕ ಶಾಖ ಬೇಕಲ್ಲ? ಮೋಲಿಗೆ ನಲವತ್ನಾಲ್ಕು. ನೂರಾ ಎಪ್ಪತ್ತಾರು ಕಿಲೋಜೌಲ್ ಕಡಿಮಿ ಆಗಬೇಕಿತ್ತು. ನೀವು ಅದನ್ನ ಕಳದಿಲ್ಲ.”

ನೂರ್‌ಜಹಾನ್ ಖಾಲಿ ಬಾಂಬಿನ ತಳ ನೋಡಿದಳು. ಆ ಕಳೆಯುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬಾಯ್ಲರಿನವರು ‘ನಿವ್ವಳ’ ಕೇಳಿದಾಗ ಜಲಜನಕದ ಪಾಲು ನೋಡಿ, ಹಬೆಯಾಗಿ ಚಿಮಣಿಯಲ್ಲಿ ಹೋಗುವ ಶಾಖವನ್ನು ದಿನಕ್ಕೆ ಹತ್ತು ಸಲ ಕಳೆಯುತ್ತಿದ್ದವಳೇ ಅವಳು. ಕಳೆಯುತ್ತಿದ್ದಳೆಂದರೆ, ಬಾಂಬಿನ ಅಂಕಿಯಲ್ಲಿ ಆ ಶಾಖ ಇನ್ನೂ ಇತ್ತು ಎಂದಾಯಿತು. ಇತ್ತು ಎಂದರೆ ನೀರು ಹಬೆಯಾಗಿರಲಿಲ್ಲ. ಹತ್ತೊಂಬತ್ತು ವರ್ಷ ಪ್ರತಿಸಲ ಬಾಂಬ್ ಬಿಚ್ಚಿ, ಆ ಹನಿಗಳನ್ನು ತೊಳೆದು, ಬಟ್ಟೆಯಿಂದ ಒರೆಸಿ ಇಟ್ಟಿದ್ದಳು. ಸಾಹೇಬರು ‘ಒಂದು ಮಿಲಿ ಹಾಕು’ ಎಂದಿದ್ದರು. ಹಾಕಿದ್ದಳು.

“ಹನ್ನೆರಡು ಹೋಗಿ ಹತ್ತು ಬಂತ್ರಿ,” ಎಂದು ರಾಜೇಶ್ವರಿ ಮೆಲ್ಲಗೆ ಹೇಳುತ್ತಿದ್ದಳು, ಪಾಠ ಒಪ್ಪಿಸುವವಳ ಹಾಗೆ. “ಎರಡು ಕಡಿಮಿ ಆತು. ಬಯಲಿನಾಗ ಆಗಿದ್ರ ಹೊರಗಿನ ಗಾಳಿ ಒತ್ತಿ ಆ ಜಾಗ ತುಂಬತಿತ್ತು. ಒತ್ತಿದ ಕೆಲಸನೂ ಶಾಖ ಆಗಿ ಹೊರಗ ಬರತಿತ್ತು. ಅದಕ್ಕ ಇನ್ನೂ ಐದು ಹೆಚ್ಚಿಗಿ. ನಿಮ್ದು ಐದು ಸಾವಿರದ ನೂರಾ ಐವತ್ತಾರು ಆಗಬೇಕು, ನಲವತ್ತಾರಲ್ಲ. ಹತ್ತು ಕಿಲೋಜೌಲ್ ಫರಕು. ಕಲ್ಲಿದ್ದಲಿನಾಗ ಇದು ಯಾರ ಕಣ್ಣಿಗೂ ಬೀಳಂಗಿಲ್ರಿ, ಇದು ಶುದ್ಧ ವಸ್ತು ಅಂತ... ”

ಅವಳು ಶೀಟಿನ ಮೇಲಿನ ಗಂಟೆ ನೋಡುತ್ತಿದ್ದಳು. ಹತ್ತೂಕಾಲು. ಆಮೇಲೆ ತನ್ನ ಶೀಟನ್ನು ಎಳೆದುಕೊಂಡು ಅದರ ಗಂಟೆ ನೋಡಿದಳು.

“ಮತ್ತ ನಂದು ನೋಡಿ ನೀವು ಸರಿ ಅದ ಅಂದ್ರಲ್ಲ ಅಕ್ಕಾರ...”

ಹೊರಗೆ ಮೆಟ್ರೊ ಹಾದುಹೋಯಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ನೂರ್‌ಜಹಾನ್ ತನ್ನ ಪೆನ್ನು ತೆಗೆದು, ಪ್ಲಸ್ ಎರಡರ ಮೇಲೆ ಒಂದು ಗೆರೆ ಎಳೆದಳು, ನಲವತ್ತಾರರ ಮೇಲೆ ಇನ್ನೊಂದು. ಪಕ್ಕದಲ್ಲಿ ಬರೆದಳು. ಸಹಿ ಮಾಡಿದಳು. 3.20. ಕೈ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತೆಂದು ಅವಳಿಗೆ ಅನಿಸಿತು. ರಾಜೇಶ್ವರಿ ಕೆಳಗೆ ‘ಪರಿಶೀಲಿಸಿದೆ’ ಎಂದು ಸಹಿ ಮಾಡಿ, ಕತ್ತೆತ್ತದೆ ಎದ್ದು ಹೋದಳು.

ಐದಕ್ಕೆ ಮೇಡಮ್ ಕರೆದರು. ಶಾಂತಕುಮಾರಿ ಮೇಡಮ್ ಮೂವತ್ತು ವರ್ಷ ಇಂಥ ಶೀಟುಗಳನ್ನೇ ನೋಡಿದವರು. ಅಂಕಿಗಿಂತ ಮೊದಲು ಗೆರೆಗಳನ್ನು ನೋಡುತ್ತಾರೆ.

“ಲವ್ಲಿ ನೂರ್, ಈ ಮೂರು ರೀಡಿಂಗ್ ನೋಡಿ ನಂಗೆ ಹೊಟ್ಟೆಕಿಚ್ಚಾಗ್ತಿದೆ,” ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು. “ಇದೇನು, ಪ್ಲಸ್ ಎರಡು ಮೈನಸ್ ಎರಡಾಗಿದೆ. ಯಾರು ಹಿಡಿದಿದ್ದು?”

“ರಾಜೇಶ್ವರಿ.”

“ಸರಿ. ಒಳ್ಳೇದು.” ಎರಡು ಶೀಟನ್ನೂ ಪಕ್ಕಪಕ್ಕ ಇಟ್ಟರು. ಬೆರಳು ಒಂದರ ಗಂಟೆಯಿಂದ ಇನ್ನೊಂದರ ಗಂಟೆಗೆ ಹೋಯಿತು. ಮತ್ತೆ ಮೊದಲಿನದಕ್ಕೆ ಬಂತು. “ಒಂದ್ನಿಮಿಷ. ನೂರ್, ಹತ್ತೂಕಾಲಿಗೆ ನಿಮ್ಮ ಶೀಟಲ್ಲಿ ಪ್ಲಸ್ ಎರಡು. ಹನ್ನೊಂದು ನಲವತ್ತಕ್ಕೆ ಇವಳ ಮೈನಸ್ ಎರಡನ್ನ ನೋಡಿ ಸರಿ ಅಂತ ಸಹಿ ಹಾಕಿದೀರಿ. ನಿಮ್ಮದನ್ನ ತಿದ್ದಿರೋದು ಮೂರು ಇಪ್ಪತ್ತಕ್ಕೆ. ಇವಳದ್ದು ಸರಿ ಅಂತ ಅನ್ಸಿದ್ರೆ ನಿಮ್ಮದನ್ನ ಆಗಲೇ ತಿದ್ಬೇಕಿತ್ತು. ತಪ್ಪು ಅಂತ ಅನ್ಸಿದ್ರೆ ಸಹಿ ಯಾಕೆ ಹಾಕಿದ್ರಿ?”

ಫ್ಯಾನು ತಿರುಗುತ್ತಿತ್ತು. ಇದಕ್ಕಿಂತ ಬಾಂಬ್ ಒಡೆದು ಮುಚ್ಚಳ ಹಾರಿದ್ದರೆ ವಾಸಿ ಇತ್ತು.

“ಮೇಡಮ್, ಅಕ್ಕಾರು ಅವಸರದಾಗ ನೋಡಿರ್ತಾರ್ರಿ,” ಎಂದಳು ರಾಜೇಶ್ವರಿ. “ನಾನೇ ಗಡಿಬಿಡಿ ಮಾಡ್ದೆ. ಊಟಕ್ಕ ಮೊದಲು ಮುಗಿಸ್ರಿ ಅಂತ ಬೆನ್ನು ಹತ್ತಿದ್ದೆ.”

ನೂರ್‌ಜಹಾನ್ ಆ ಹುಡುಗಿಯ ಕಡೆ ತಿರುಗಿ ನೋಡಿದಳು. ಬೆನ್ನು ಹತ್ತಿರಲಿಲ್ಲ. ಎಲ್ಲ ಗೊತ್ತಿದ್ದೂ, ಮುಖ ತುಂಬ ಮರುಕ ಇಟ್ಟುಕೊಂಡು ಸುಳ್ಳು ಹೇಳುತ್ತಿದ್ದಳು. ಇನ್ನು ನಾಳೆಯಿಂದ ದಿನವೂ ಇದೇ ಮುಖ. ಚಹಾ ಮೊದಲು ಅವಳಿಗೆ, ‘ರಾಜಿ’ ಎಂಬ ಕರೆ ಅವಳಿಗೆ, ಲೆಕ್ಕದ ಬುದ್ಧಿ ಅವಳಿಗೆ. ಒಳ್ಳೆಯವಳು ಎನ್ನಿಸಿಕೊಳ್ಳುವುದೂ ಅವಳಿಗೇ ಹೋಗಬೇಕೇ? ಅಷ್ಟನ್ನು ಮಾತ್ರ ಕೊಡಲಾರೆ ಎನಿಸಿತು.

“ಅವಸರ ಇರಲಿಲ್ಲ ಮೇಡಮ್,” ಎಂದಳು. “ಹತ್ತು ನಿಮಿಷ ನೋಡ್ದೆ. ತಪ್ಪು ಅಂತ್ಲೇ ಅಂದ್ಕೊಂಡೆ. ಅದಕ್ಕೇ ಸರಿ ಅಂದೆ.”

“ಅಂದ್ರೆ?”

“ತಪ್ಪಾಗೇ ಹೋಗ್ಲಿ ಅಂತ. ಸಹಿ ನಂಗೆ ಬರ್ಲಿ ಅಂತ.”

ಶಾಂತಕುಮಾರಿ ಮೇಡಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರಾಜೇಶ್ವರಿ ತನ್ನ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು.

“ಇವಳದ್ದು ನಿಜವಾಗ್ಲೂ ತಪ್ಪಾಗಿದ್ದಿದ್ರೆ,” ಎಂದರು ಮೇಡಮ್ ಕೊನೆಗೆ, “ಆ ತಪ್ಪು ನಿಮ್ಮ ಸಹಿ ಹೊತ್ಕೊಂಡು ಇಂದಿರಾನಗರಕ್ಕೆ ಹೋಗ್ತಿತ್ತು ನೂರ್.”

“ಗೊತ್ತು ಮೇಡಮ್.”

“ಗೊತ್ತಿದ್ದೂ...” ಮೇಡಮ್ ಎರಡು ಶೀಟನ್ನೂ ಎತ್ತಿ ರಾಜೇಶ್ವರಿಯ ಮುಂದೆ ಹಿಡಿದರು. “ರಿಪೋರ್ಟ್ ಟೈಪ್ ಮಾಡು. ನಿನ್ನ ರೀಡಿಂಗ್ ಕಳ್ಸೋ ಹಾಗಿಲ್ಲ, ಅಷ್ಟು ಅಂತರ ಇಟ್ಕೊಂಡು ಯಾರಿಗೆ ಮುಖ ತೋರಿಸೋದು? ನೂರ್ ಸುಟ್ಟಿರೋ ಮೂರು ಹಾಕು. ಮೈನಸ್ 5151, ಅದರಿಂದ ಮೈನಸ್ 5156. ಸಹಿ ನಿಂದು.”

“ಮೇಡಮ್, ಸುಟ್ಟಿದ್ದು ಅಕ್ಕಾರು. ಮತ್ತ ಸಹಿ ನಂದು ಹೆಂಗ್ರಿ?”

“ಸುಟ್ಟೋರ ಹೆಸರಿಗೆ ಒಂದು ಸಾಲಿದೆ. ಅಲ್ಲಿ ಹಾಕು. ಸಹಿ ನೋಡಿದ್ದನ್ನ ನೋಡಿದ ಹಾಗೇ ಹೇಳೋರದ್ದು.”

ಹೊರಗೆ ಬಂದ ಮೇಲೆ ರಾಜೇಶ್ವರಿ ಕಂಪ್ಯೂಟರಿನ ಮುಂದೆ ಕೂತಳು, ನೂರ್‌ಜಹಾನ್ ಪಕ್ಕದಲ್ಲಿ ನಿಂತಳು. ದುರ್ಗೇಶ ದೂರದಿಂದ ಏನೋ ತಮಾಷೆ ಮಾಡಲು ಹೊರಟವನು ಇವರ ಮುಖ ನೋಡಿ ಸಿಲಿಂಡರಿನ ಕಡೆ ಹೋದ.

“ನಾ ಮುಚ್ಚಿಡತಿದ್ದೆ ಅಕ್ಕಾರ,” ಎಂದಳು ರಾಜೇಶ್ವರಿ ಟೈಪ್ ಮಾಡುತ್ತ. “ಯಾಕ ಹೇಳಿದ್ರಿ?”

“ನೀನು ಮುಚ್ಚಿಡ್ತೀಯ ಅಂತ್ಲೇ ಹೇಳ್ದೆ.”

“ಸಿಟ್ಟದೇನ್ರಿ ನನ್ ಮ್ಯಾಲೆ?”

ನೂರ್‌ಜಹಾನ್ ಆ ಪ್ರಶ್ನೆಯನ್ನು ಮನಸ್ಸಿನಲ್ಲಿ ತೂಗಿದಳು.

“ಇದೆ,” ಎಂದಳು. “ಸ್ಟೂಲ್ ಇನ್ನೊಂದ್ಸಲ ಇಳಿಸ್ಬೇಡ. ನಂಗೆ ಮೊಣಕೈ ನೋವು.”

“ಆತ್ರಿ.”

ರಾಜೇಶ್ವರಿ ಪ್ರಿಂಟ್ ಕೊಟ್ಟಳು. ಯಂತ್ರ ಒಂದು ಹಾಳೆಯನ್ನು ಅರ್ಧ ನುಂಗಿ ಗರಗರ ಎಂದು ನಿಂತಿತು, ಕೆಂಪು ದೀಪ ಮಿನುಗಿತು. ಹುಡುಗಿ ಎರಡು ಗುಂಡಿ ಒತ್ತಿದಳು, ಬದಿಗೆ ತಟ್ಟಿದಳು, ಏನೂ ಆಗಲಿಲ್ಲ. ನೂರ್‌ಜಹಾನ್ ಅವಳನ್ನು ಪಕ್ಕಕ್ಕೆ ಸರಿಸಿ ಹಿಂದಿನ ಮುಚ್ಚಳ ತೆಗೆದಳು. ಉರುಳೆಗಳ ನಡುವೆ ಸಿಕ್ಕಿಕೊಂಡಿದ್ದ ಹಾಳೆಯನ್ನು ಹರಿಯದಂತೆ, ಎರಡೂ ಅಂಚು ಹಿಡಿದು, ಸ್ವಲ್ಪಸ್ವಲ್ಪವೇ ಹೊರಗೆಳೆದಳು. ಬಿಸಿ ಆರದ ಮಸಿ ಹರಡಿ, ಅದರ ಮೇಲಿದ್ದ ರಾಜೇಶ್ವರಿಯ ಹೆಸರು ಅವಳ ಹೆಬ್ಬೆರಳಿಗೆ ಕಪ್ಪಗೆ ಅಂಟಿತು. ಹಾಳೆಯನ್ನು ಮುದುಡಿ ಬುಟ್ಟಿಗೆ ಹಾಕಿ, ಹೊಸದೊಂದನ್ನು ತಟ್ಟೆಗಿಟ್ಟು, ಮುಚ್ಚಳ ಮುಚ್ಚಿದಳು. ಯಂತ್ರ ಮತ್ತೆ ಶುರುವಾಯಿತು.